ಜ್ವರದ ದಿನದ ಸೊನ್ನೆ

ಮಾಂಬಳ್ಳಿಯ ಚೆಲುವಮ್ಮನ ಮಗಳು ರೂಪ ಕೊಳ್ಳೇಗಾಲದ ಕಾಲೇಜಿನಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದಳು. ಬದುಕಿನಲ್ಲಿ ಮೊದಲ ಸಲ ಒಂದು ಆ್ಯಪ್ ಮಾಡಿದ್ದಳು. ಅದಕ್ಕೆ ‘ಸೊಪ್ಪಿನ ಗಂಟೆ’ ಎಂದು ಹೆಸರಿಟ್ಟು, ಹಿಪ್ಪುನೇರಳೆ ಎಲೆಯ ಚಿತ್ರವನ್ನು ತಾನೇ ಬರೆದು ಅಂಟಿಸಿದ್ದಳು. ಎಲೆ ಸ್ವಲ್ಪ ವೀಳ್ಯದೆಲೆಯ ಹಾಗೆ ಕಾಣುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ರೂಪಳಿಗೆ ಅದು ಹಿಪ್ಪುನೇರಳೆಯ ಹಾಗೇ ಕಾಣುತ್ತಿತ್ತು.

ಆ್ಯಪ್ ಮಾಡುವ ಕೆಲಸ ಇಷ್ಟೇ. ರೇಷ್ಮೆ ಹುಳ ಸಾಕುವವರು ಎರಡನೇ ಜ್ವರ ದಾಟಿದ ಮರಿಹುಳವನ್ನು, ಅಂದರೆ ಚಾಕಿಯನ್ನು, ಚಾಕಿ ಕೇಂದ್ರದಿಂದ ತರುತ್ತಾರೆ. ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಪೊರೆ ಬಿಡುವ ಮೊದಲು ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ನಿಲ್ಲುತ್ತದಲ್ಲ, ಅದಕ್ಕೆ ಸಾಕುವವರು ಇಟ್ಟ ಹೆಸರು. ಚಾಕಿ ತಂದ ದಿನವನ್ನು ಆ್ಯಪ್‌ಗೆ ಒಮ್ಮೆ ಹೇಳಿಬಿಟ್ಟರೆ ಸಾಕು, ಇವತ್ತು ಎಷ್ಟನೆಯ ದಿನ, ಎಷ್ಟು ಸಲ ಸೊಪ್ಪು ಹಾಕಬೇಕು, ಮುಂದಿನ ಸಲ ಎಷ್ಟು ಗಂಟೆಗೆ ಎಂದು ಅದು ಲೆಕ್ಕ ಹಾಕಿ ತೋರಿಸುತ್ತಿತ್ತು. ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತಿತ್ತು. ಹಿಂದಿನ ಬೆಳೆಯಲ್ಲಿ ಚೆಲುವಮ್ಮನ ಫೋನಿಗೂ ಅದನ್ನು ಹಾಕಿಕೊಟ್ಟಿದ್ದಳು. ಗೂಡು ಚೆನ್ನಾಗಿ ಬಂದಿತ್ತು. ಹುಳ ಸಾಕಿದ್ದು ಚೆಲುವಮ್ಮ, ಹೆಮ್ಮೆ ಪಟ್ಟಿದ್ದು ಮಾತ್ರ ರೂಪ.

ಮಾಗಿಯ ಒಂದು ಗುರುವಾರ ಕಾಲೇಜಿನಲ್ಲಿ ಡೆಮೊ ದಿನ. ಪ್ರತಿಯೊಬ್ಬರೂ ತಮ್ಮ ಪ್ರಾಜೆಕ್ಟನ್ನು ಇಡೀ ತರಗತಿಯ ಮುಂದೆ ನಡೆಸಿ ತೋರಿಸಬೇಕು. ಪ್ರಾಜೆಕ್ಟ್ ನೋಡಿಕೊಳ್ಳುವ ಪ್ರಭುಸ್ವಾಮಿ ಸರ್ ಈ ಸಲ ಹೊರಗಿನವರೊಬ್ಬರನ್ನು ಕರೆದಿದ್ದರು. ಹನೂರಿನ ಕಡೆಯ ಬಂಡಳ್ಳಿಯ ಮಹದೇವಪ್ಪ, ಅಲ್ಲಿ ಹುಳ ಸಾಕುವ ನಲವತ್ತು ಮನೆಗಳ ಸಂಘಕ್ಕೆ ಅಧ್ಯಕ್ಷರು. ಸಂಘದವರ ಫೋನಿಗೆ ಇಂಥದೊಂದು ಆ್ಯಪ್ ಹಾಕಿಸಬೇಕು ಎಂದು ಅವರೇ ಸರ್ ಹತ್ತಿರ ಕೇಳಿದ್ದರಂತೆ. ಚೆನ್ನಾಗಿದ್ದರೆ ಬರುವ ಸೋಮವಾರವೇ ನಲವತ್ತು ಮನೆಗೂ. ಈ ಮಾತು ಕಿವಿಗೆ ಬಿದ್ದ ದಿನದಿಂದ ರೂಪಳಿಗೆ ಅಂಕದ ಚಿಂತೆ ಹೋಗಿ ಆ ನಲವತ್ತು ಮನೆಯ ಚಿಂತೆಯೇ ಹಿಡಿದುಕೊಂಡಿತ್ತು. ತಾನು ಬರೆದದ್ದು ತನಗೆ ಗೊತ್ತಿಲ್ಲದವರ ಮನೆಯಲ್ಲಿ ಗಂಟೆ ಬಾರಿಸಬೇಕು. ಅದಕ್ಕಿಂತ ದೊಡ್ಡದು ಅವಳಿಗೆ ಆಗ ಏನೂ ಇರಲಿಲ್ಲ.

ಸುಳ್ಳು ತಾರೀಕು ಕೊಟ್ಟು ತೋರಿಸುವುದು ಅವಳಿಗೆ ಇಷ್ಟವಾಗಲಿಲ್ಲ. ಸೋಮವಾರ ಮನೆಗೆ ಹೊಸ ಚಾಕಿ ಬಂದಾಗ ತನ್ನ ಫೋನಿನಲ್ಲೂ ಅದೇ ತಾರೀಕು ಹಾಕಿಕೊಂಡಳು. ನಮ್ಮ ಮನೆಯ ಹುಳ, ಇವತ್ತಿನ ದಿನ, ಈ ಗಂಟೆ ಎಂದು ಎಲ್ಲರ ಮುಂದೆ ಹೇಳಬೇಕು ಎಂದಿತ್ತು ಅವಳಿಗೆ. ಸೋಮವಾರ ನಡೆಯಿತು, ಮಂಗಳವಾರ ನಡೆಯಿತು, ಬುಧವಾರ ಸಂಜೆಯೂ ಗಡಿಯಾರದ ಹಾಗೆ ನಡೆಯಿತು. ಆಮೇಲೆ ಅವಳು ಅದನ್ನು ತೆರೆಯಲಿಲ್ಲ. ಡೆಮೊ ಹಿಂದಿನ ರಾತ್ರಿಯಿಂದ ಏನನ್ನೂ ಮುಟ್ಟಬೇಡ, ಮುಟ್ಟಿದರೆ ಕೆಡುತ್ತದೆ ಎಂದು ಸಹಪಾಠಿ ಮುರುಗೇಶ ಹೇಳಿದ್ದ. ಅವನು ಮಾರ್ಟಳ್ಳಿಯವನು, ತರಗತಿಯಲ್ಲಿ ಕೋಡ್ ಬರೆಯುವುದರಲ್ಲಿ ಮುಂದೆ. ಇಂಥ ಮೂಢನಂಬಿಕೆಗಳಲ್ಲಿ ಇನ್ನೂ ಮುಂದೆ.

ಮಧ್ಯಾಹ್ನ ಎರಡೂವರೆಗೆ ಲ್ಯಾಬಿನಲ್ಲಿ ಸೇರಿದರು. ಮೊದಲು ಮುರುಗೇಶನೇ ಬಂದು, ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಾರ್ಟಳ್ಳಿಗೂ ಯಳಂದೂರಿನ ಕಡೆಗೂ ಹೋಗುವ ಬಸ್ಸುಗಳ ಹೊತ್ತು ತೋರಿಸುವ ಆ್ಯಪ್ ನಡೆಸಿ ಚಪ್ಪಾಳೆ ತೆಗೆದುಕೊಂಡು ಕೂತ. ಆಮೇಲೆ ರೂಪ. ಫೋನಿಗೆ ಕೇಬಲ್ ಹಾಕಿ ಕಂಪ್ಯೂಟರಿಗೆ ಕೊಟ್ಟರು. ಅಲ್ಲಿಂದ ಪ್ರೊಜೆಕ್ಟರಿಗೆ ಹೋಗಿ, ಅವಳ ಫೋನಿನ ಪರದೆ ಬಾಗಿಲಿನಷ್ಟು ದೊಡ್ಡದಾಗಿ ಗೋಡೆಯ ಮೇಲೆ ನಿಂತಿತು. ಮುಂದಿನ ಸಾಲಿನಲ್ಲಿ ಮಹದೇವಪ್ಪ ಹೆಗಲ ಮೇಲಿನ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಇದು ನಮ್ಮ ಮನೆ ಹುಳದ್ದೇ ಲೆಕ್ಕ,” ಎಂದಳು ರೂಪ. “ಸೋಮವಾರ ಚಾಕಿ ಬಂತು. ಇವತ್ತಿನ ದಿನ ಏನ್ ತೋರಿಸುತ್ತೆ ನೋಡಿ.”

ಎಲೆಯ ಗುರುತನ್ನು ಒತ್ತಿದಳು. ಬಿಳಿ ಪರದೆ ಒಮ್ಮೆ ಮಿನುಗಿತು. ಮರುಕ್ಷಣ ಆ್ಯಪ್ ಮಾಯವಾಗಿ ಫೋನಿನ ಮೊದಲ ಪುಟ ಬಂದು ನಿಂತಿತು.

ಬೆರಳು ಸರಿಯಾಗಿ ತಾಗಿಲ್ಲವೇನೋ ಎಂದುಕೊಂಡು ಮತ್ತೆ ಒತ್ತಿದಳು. ಮತ್ತೆ ಬಿಳಿ, ಮತ್ತೆ ಮಾಯ. ಮೂರನೇ ಸಲ ಒತ್ತಿದಾಗ ಫೋನಿಗೇ ಬೇಸರ ಬಂದಿರಬೇಕು, ‘ಸೊಪ್ಪಿನ ಗಂಟೆ ಮತ್ತೆ ಮತ್ತೆ ನಿಲ್ಲುತ್ತಿದೆ’ ಎಂದು ಒಂದು ಪೆಟ್ಟಿಗೆ ಬಂತು. ಕೈಯಲ್ಲಿದ್ದಾಗ ಚಿಕ್ಕದಾಗಿ ಕಾಣುವ ಆ ಸಾಲು ಗೋಡೆಯ ಮೇಲೆ ಬಾಗಿಲಗಲ ಬಂದರೆ ಹೇಗಿರುತ್ತದೆ, ಯೋಚಿಸಿ. ಫೋನನ್ನು ಪೂರ್ತಿ ಆರಿಸಿ ಹೊತ್ತಿಸಿದಳು. ಅದಕ್ಕೆ ಒಂದೂವರೆ ನಿಮಿಷ ಹಿಡಿಯಿತು. ಆ ಒಂದೂವರೆ ನಿಮಿಷ ಐವತ್ತು ಜನ ಸುಮ್ಮನೆ ಅವಳನ್ನೇ ನೋಡುತ್ತಿದ್ದರು. ಹೊತ್ತಿಕೊಂಡ ಮೇಲೆ ಒತ್ತಿದರೆ ಮತ್ತದೇ.

“ಹುಳಕ್ಕಿಂತ ಮುಂಚೆ ಇದಕ್ಕೇ ಸೊಪ್ಪು ಹಾಕ್ಬೇಕಿತ್ತು ಕಣೆ!” ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ತರಗತಿ ಗೊಳ್ಳೆಂದಿತು. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ರೂಪಳಿಗೆ ಅಳು ಬರಲಿಲ್ಲ, ಕಿವಿ ಮಾತ್ರ ಬಿಸಿಯಾಗಿ, ಎಲ್ಲರ ನಗು ದೂರದಲ್ಲೆಲ್ಲೋ ಕೇಳಿಸುತ್ತಿರುವಂತಾಯಿತು. ಮಹದೇವಪ್ಪನವರು ನಗಲಿಲ್ಲ. ಅವರು ನಗದೆ ಇದ್ದದ್ದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾಯಿತು.

ಪ್ರಭುಸ್ವಾಮಿ ಸರ್ ಕೈಗಡಿಯಾರ ನೋಡಿಕೊಂಡರು. “ಹೋಗ್ಲಿ ಬಿಡಮ್ಮ, ಇದು ಎಲ್ರಿಗೂ ಆಗುತ್ತೆ. ಹತ್ತು ನಿಮಿಷ ತಗೋ. ಮುಂದಿನವರು ಬರಲಿ.”

ಪಕ್ಕದ ಖಾಲಿ ಕೋಣೆಯಲ್ಲಿ ಮುರುಗೇಶ ತನ್ನ ಲ್ಯಾಪ್‌ಟಾಪ್ ಬಿಚ್ಚಿದ. ಕೇಬಲ್ ಚುಚ್ಚಿ, ಫೋನಿನ ಒಳಗೆ ಏನೇನು ನಡೆಯುತ್ತಿದೆ ಎಂದು ಸಾಲು ಸಾಲಾಗಿ ಬರೆಯುತ್ತಾ ಹೋಗುವ ಲಾಗ್ ತೆರೆದ. “ಈಗ ಒತ್ತು,” ಎಂದ. ಒತ್ತಿದಳು. ಕಪ್ಪು ಪರದೆಯ ಮೇಲೆ ಕೆಂಪು ಸಾಲುಗಳು ದಡದಡನೆ ಉರುಳಿದವು. ಹೊಸಬರು ಆ ಕೆಂಪು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಆದರೆ ಆ್ಯಪ್ ಸಾಯುವಾಗ ಕಾರಣ ಹೇಳಿಯೇ ಸಾಯುತ್ತದೆ, ಓದುವ ತಾಳ್ಮೆ ಬೇಕು ಅಷ್ಟೆ. ಮೊದಲ ಸಾಲಿನಲ್ಲೇ ಇತ್ತು: ಅರಿತ್‌ಮೆಟಿಕ್ ಎಕ್ಸೆಪ್ಷನ್, ಡಿವೈಡ್ ಬೈ ಜೀರೊ. ಅದರ ಕೆಳಗೆ ಕಡತದ ಹೆಸರು, ಸಾಲಿನ ಸಂಖ್ಯೆ ಅರವತ್ತನಾಲ್ಕು.

“ಸೊನ್ನೆಯಿಂದ ಭಾಗಿಸಿದ್ದೀಯಾ,” ಎಂದ ಮುರುಗೇಶ. “ಅರವತ್ತನಾಲ್ಕನೇ ಸಾಲಲ್ಲಿ ಏನೈತೆ?”

ರೂಪಳಿಗೆ ತೆರೆದು ನೋಡುವ ಅಗತ್ಯ ಇರಲಿಲ್ಲ. ಅರವತ್ತನಾಲ್ಕನೇ ಸಾಲನ್ನು ಅವಳು ಪ್ರೀತಿಯಿಂದ ಬರೆದಿದ್ದಳು. ದಿನದ ಇಪ್ಪತ್ತನಾಲ್ಕು ಗಂಟೆಯನ್ನು ಆ ದಿನ ಎಷ್ಟು ಸಲ ಸೊಪ್ಪು ಹಾಕಬೇಕೋ ಅದರಿಂದ ಭಾಗಿಸುವುದು. ಮೂರು ಸಲವಾದರೆ ಎಂಟು ಗಂಟೆಗೊಮ್ಮೆ, ನಾಲ್ಕು ಸಲವಾದರೆ ಆರು ಗಂಟೆಗೊಮ್ಮೆ. ಎಷ್ಟು ಸಲ ಎನ್ನುವುದಕ್ಕೆ ಒಂದು ಪಟ್ಟಿ ಮಾಡಿದ್ದಳು: ಮೂರು, ಮೂರು, ಮೂರು, ಸೊನ್ನೆ, ಮತ್ತೆ ನಾಲ್ಕು ದಿನ ಮೂರು, ಮತ್ತೊಂದು ಸೊನ್ನೆ, ಆಮೇಲೆ ಗೂಡು ಕಟ್ಟುವ ತನಕ ನಾಲ್ಕು. ಆ ಸೊನ್ನೆಗಳು ಜ್ವರದ ದಿನಗಳು. ಜ್ವರದಲ್ಲಿರುವ ಹುಳಕ್ಕೆ ಸೊಪ್ಪು ಹಾಕುವುದಿಲ್ಲ, ಆದ್ದರಿಂದ ಸೊನ್ನೆ. ನಿಜವನ್ನೇ ಬರೆದಿದ್ದಳು. ಸೋಮವಾರದಿಂದ ಎಣಿಸಿದರೆ ಗುರುವಾರ ಮೊದಲನೇ ಸೊನ್ನೆಯ ದಿನ. ಇಪ್ಪತ್ತನಾಲ್ಕನ್ನು ಸೊನ್ನೆಯಿಂದ ಭಾಗಿಸು ಎಂದರೆ ಕಂಪ್ಯೂಟರ್ ಏನು ಮಾಡೀತು? ಕೈ ಎತ್ತಿಬಿಟ್ಟಿತು. ಚಾಕಿ ತಂದ ತಾರೀಕು ಫೋನಿನಲ್ಲಿ ಉಳಿದಿರುವುದರಿಂದ, ತೆರೆದಾಗಲೆಲ್ಲ ಅದೇ ದಿನ, ಅದೇ ಸೊನ್ನೆ, ಅದೇ ಸಾವು. ಆರಿಸಿ ಹೊತ್ತಿಸಿದರೆ ಹೋಗುವಂಥದಲ್ಲ.

“ಇಷ್ಟು ತಿಂಗಳು ಇದು ಕಣ್ಣಿಗೆ ಬೀಳ್ಲೇ ಇಲ್ವಲ್ಲ!” ಎಂದು ಹಣೆ ಚಚ್ಚಿಕೊಂಡಳು. ಬೀಳುವುದು ಹೇಗೆ? ಪರೀಕ್ಷೆ ಮಾಡುವಾಗಲೆಲ್ಲ ‘ಚಾಕಿ ತಂದ ದಿನ: ಇವತ್ತು’ ಎಂದು ಒತ್ತುತ್ತಿದ್ದಳು. ಅವಳ ಆ್ಯಪ್‌ನಲ್ಲಿ ಹುಳ ಯಾವಾಗಲೂ ಮೊದಲ ದಿನದ್ದೇ. ಪೂರ್ತಿ ಬೆಳೆ ದಾಟಿದ್ದು ಅವ್ವನ ಫೋನಿನಲ್ಲಿ ಮಾತ್ರ, ಒಂದೇ ಸಲ.

ಹಾಗಾದರೆ ಅವ್ವನ ಫೋನಿನಲ್ಲಿ? ರೂಪ ಅಲ್ಲೇ ಫೋನ್ ಮಾಡಿದಳು.

“ಅವ್ವಾ, ಆ್ಯಪ್ ಒಂದ್ಸಲ ತೆಗಿ. ಏನಾಯ್ತದೆ ಅನ್ನು.”

“ಇವತ್ತಾ?” ಚೆಲುವಮ್ಮನ ದನಿಯಲ್ಲಿ ಆಶ್ಚರ್ಯವಿತ್ತು. “ಇವತ್ತು ಯಾಕವ್ವ ತೆಗೀಲಿ? ಹುಳ ಜ್ವರಕ್ಕೆ ಕೂತವೆ. ಇವತ್ತು ಅದು ತೆಕ್ಕಳಾಕಿಲ್ಲ.”

“ತೆಕ್ಕಳಾಕಿಲ್ಲ ಅಂತ ನಿಂಗೆಂಗ್ ಗೊತ್ತು?”

“ಓದ್ ಬೆಳೇಲೂ ಅಂಗೇ ಮಾಡ್ತಲ್ಲ. ಎಲ್ಡು ಜ್ವರಕ್ಕೂ ಮುಚ್ಕಂತು. ಒತ್ತುದ್ರೆ ಬಂದಂಗ್ ಮಾಡಿ ಒಂಟೋಯ್ತದೆ. ಬಾಗ್ಲು ತೆಗೀಬ್ಯಾಡ ಅಂತ ನೀನೇ ಮಾಡಿರದು ಅಂದ್ಕಂಡೆ. ಜ್ವರದಲ್ಲಿ ಹುಳಾನ ಇಣುಕಿ ಇಣುಕಿ ನೋಡ್ಬಾರ್ದಲ್ವಾ? ಸುಣ್ಣದ ಪುಡಿ ಉದುರ್ಸಿ ಬಾಗ್ಲು ಮುಚ್ಚಿದ್ರೆ ಮುಗೀತು. ನಿನ್ನ ಆ್ಯಪ್ಗೂ ಅದು ಗೊತ್ತದಲ್ಲಾ ಅಂತ ಎಲ್ರಿಗೂ ಒಗಳ್ಕಂಡ್ ಬಂದಿವ್ನಿ.”

ಮುರುಗೇಶ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡ. ರೂಪಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಟ್ಟು ನಿಂತಿದ್ದನ್ನು ಅವ್ವ ಒಳ್ಳೆ ನಡತೆ ಅಂದುಕೊಂಡಿದ್ದಳು. ಮಗಳು ಮಾಡಿದ್ದರಲ್ಲಿ ತಪ್ಪಿರಬಹುದು ಎನ್ನುವ ಯೋಚನೆಯೇ ಆ ತಾಯಿಗೆ ಬಂದಿರಲಿಲ್ಲ.

“ಸರಿ ಬಿಡವ್ವ, ಸಂಜೆ ಬತ್ತೀನಿ,” ಎಂದು ಇಟ್ಟಳು.

“ಐದು ನಿಮಿಷ ಐತೆ,” ಎಂದ ಮುರುಗೇಶ. “ಕೋಡ್ ಇರದು ಆ ಕಡೆ ಲ್ಯಾಬ್ ಮೆಷೀನಲ್ಲಿ. ಅಲ್ಲಿ ಈಗ ಬೇರೆಯೋರ ಡೆಮೊ ನಡೀತೈತೆ, ತಿದ್ದಿ ಹೊಸದಾಗಿ ಹಾಕಕ್ಕಾಗಲ್ಲ. ಒಂದು ದಾರಿ ಐತೆ ನೋಡು. ಸೆಟಿಂಗ್ಸ್‌ಗೆ ಓಗಿ ಡಾಟಾ ಕ್ಲಿಯರ್ ಮಾಡ್ಬುಡು. ಸೋಮವಾರದ ತಾರೀಕು ಅಳಿಸಿ ಓಯ್ತದೆ. ಇವತ್ತೇ ಚಾಕಿ ತಂದ್ವಿ ಅಂತ ಒತ್ತು. ಮೊದಲನೇ ದಿನ, ಮೂರು ಸಲ, ಎಂಟು ಗಂಟೆ. ಬೆಣ್ಣೆ ತರ ನಡೀತದೆ. ತಪ್ಪನ್ನ ಸಂಜೆ ತಿದ್ಕಂಡ್ರಾಯ್ತು, ಯಾರಿಗೂ ಗೊತ್ತಾಗಲ್ಲ.”

ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅಳಿಸಿದರು, ತೆರೆದರು. ‘ಚಾಕಿ ತಂದ ದಿನ?’ ಎಂದು ಆ್ಯಪ್ ಹೊಸ ಸೊಸೆಯ ಹಾಗೆ ವಿನಯದಿಂದ ಕೇಳಿತು.

ಮತ್ತೆ ಲ್ಯಾಬಿಗೆ ಬಂದಾಗ ಗೋಡೆಯ ಮೇಲೆ ಎಲ್ಲವೂ ಸರಾಗ. ಇವತ್ತಿನ ತಾರೀಕು ಒತ್ತಿದಳು. ‘ಮೊದಲನೇ ದಿನ. ಸೊಪ್ಪು ಮೂರು ಸಲ. ಮುಂದಿನದು ರಾತ್ರಿ ಹತ್ತಕ್ಕೆ.’ ಗಂಟೆಯ ಸದ್ದನ್ನೂ ಕೇಳಿಸಿದಳು. ಹಿಂದಿನ ಬೆಂಚಿನವರೂ ಈಗ ಚಪ್ಪಾಳೆ ತಟ್ಟಿದರು. ಮಹದೇವಪ್ಪ ಮುಂದಕ್ಕೆ ಬಾಗಿ ಕನ್ನಡದ ದೊಡ್ಡ ಅಕ್ಷರಗಳನ್ನು ನಿಧಾನವಾಗಿ ಓದಿದರು.

“ಚೆನ್ನಾಗದೆ ಕಣವ್ವ,” ಎಂದರು. “ನಮ್ಮ ಹೆಣ್ಮಕ್ಕಳು ಓದ್ಕಬೋದು. ಸೋಮವಾರ ಬಂದ್ಬುಡು ಬಂಡಳ್ಳಿಗೆ. ನಲವತ್ತು ಮನೆಗೂ ಹಾಕ್ಸಣ.”

ಬೇಕಾಗಿದ್ದ ಮಾತು ಬಂದೇಬಿಟ್ಟಿತು. ಥ್ಯಾಂಕ್ಸ್ ಸರ್ ಎಂದು ಹೇಳಿ ಕೂತರೆ ಮುಗಿಯಿತು. ಸಂಜೆ ಒಂದು ಸಾಲು ತಿದ್ದಿದರೆ ಸುಳ್ಳೂ ಉಳಿಯುತ್ತಿರಲಿಲ್ಲ. ಆದರೆ ರೂಪಳಿಗೆ ಅವ್ವನ ಮಾತು ಕಿವಿಯಿಂದ ಹೋಗಲಿಲ್ಲ. ಎರಡು ಸಲ ಮುಚ್ಚಿಕೊಂಡಿತು, ನೀನೇ ಮಾಡಿರುವುದು ಅಂದುಕೊಂಡೆ. ಬಂಡಳ್ಳಿಯಲ್ಲೂ ನಲವತ್ತು ಜನ ಹಾಗೇ ನಂಬಿಕೊಂಡು ಕೂತರೆ? ಇವತ್ತು ಸೊನ್ನೆ ಸಿಕ್ಕಿತು, ಇನ್ನೂ ಏನೇನು ಇದೆಯೋ ಯಾರಿಗೆ ಗೊತ್ತು. ನಂಬಿದವರು ತಪ್ಪನ್ನು ಎತ್ತಿ ಹೇಳುವುದಿಲ್ಲ. ಹೇಳದಿದ್ದರೆ ತನಗೆ ಗೊತ್ತಾಗುವುದೂ ಇಲ್ಲ.

“ಸರ್, ಒಂದ್ ಮಾತು,” ಎಂದಳು. ದನಿ ಸಣ್ಣದಾಗಿತ್ತು. “ಆಗ ಮುಚ್ಚಿಕೊಂಡಿತಲ್ಲ, ಅದು ಸರಿ ಹೋಗಿಲ್ಲ. ತಾರೀಕು ಬದಲಾಯಿಸಿ ತೋರಿಸಿದೆ.”

ಮುರುಗೇಶ ಹಣೆಗೆ ಕೈ ಹಚ್ಚಿ ಕುಳಿತ. ರೂಪ ಎಲ್ಲರ ಮುಂದೆ ತಾರೀಕನ್ನು ಮತ್ತೆ ಸೋಮವಾರಕ್ಕೆ ತಿರುಗಿಸಿದಳು. ಬಿಳಿ ಮಿನುಗು, ಮಾಯ. ಈ ಸಲ ಯಾರೂ ನಗಲಿಲ್ಲ. ಅವಳು ಕಂಪ್ಯೂಟರಿನಲ್ಲಿ ಕೋಡ್ ತೆರೆದು ಅರವತ್ತನಾಲ್ಕನೇ ಸಾಲನ್ನು ಗೋಡೆಗೆ ತಂದಳು. ಪಟ್ಟಿಯನ್ನು ತೋರಿಸಿದಳು, ಸೊನ್ನೆಯನ್ನು ತೋರಿಸಿದಳು. ಹತ್ತು ಹಣ್ಣನ್ನು ಇಬ್ಬರಿಗೆ ಹಂಚಬಹುದು, ಯಾರೂ ಇಲ್ಲದ ಕಡೆ ಹಂಚು ಎಂದರೆ ಲೆಕ್ಕವೇ ಇಲ್ಲ, ಅದಕ್ಕೆ ನಿಂತುಬಿಡುತ್ತದೆ ಎಂದು ವಿವರಿಸಿದಳು. ಅವ್ವ ಅದನ್ನು ಏನೆಂದುಕೊಂಡಿದ್ದಳು ಎನ್ನುವುದನ್ನೂ ಹೇಳಿದಳು. ಆಗ ನಕ್ಕರು. ಈ ನಗು ಬೇರೆ ಥರದ್ದು. ಮಹದೇವಪ್ಪನವರಂತೂ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

“ನಿಮ್ಮವ್ವ ನಿಜವಾಗ್ಲೂ ಹುಳ ಸಾಕೋರು ಕಣವ್ವ, ಗೊತ್ತಾಯ್ತು,” ಎಂದರು. “ಈಗ ಈ ಸೊನ್ನೆ ಎಂಗ್ ತಿದ್ದೀಯೆ?”

“ಸುಲಭ ಸರ್. ಸೊನ್ನೆ ಇದ್ರೆ ಭಾಗಿಸ್ಬೇಡ, ‘ಇವತ್ತು ಜ್ವರ, ಸೊಪ್ಪು ಇಲ್ಲ’ ಅಂತ ಬರೆದು ತೋರಿಸು ಅಂತ ಒಂದು ಸಾಲು ಸೇರಿಸಿದ್ರೆ ಆಯ್ತು.”

“ಸರಿ. ತಿದ್ದುದೆ ಅನ್ನು. ನಾಳೆ ಬೆಳಿಗ್ಗೆ ಆರು ಗಂಟೆಗೆ ಏನಂತದೆ ಅದು?”

“ಸೊಪ್ಪು ಹಾಕಿ ಅನ್ನುತ್ತೆ ಸರ್. ನಾಳೆ ಪಟ್ಟಿಯಲ್ಲಿ ಮೂರಿದೆ.”

“ನಾಳೆ ಬೆಳಿಗ್ಗೆ ಅಷ್ಟೊತ್ತಿಗೆ ಅರ್ಧ ಹುಳ ಜ್ವರದಿಂದ ಎದ್ದು, ಇನ್ನರ್ಧ ಎದ್ದಿಲ್ಲ ಅಂದ್ರೆ?”

ರೂಪ ಗೋಡೆಯ ಮೇಲಿನ ಪಟ್ಟಿಯ ಕಡೆ ತಿರುಗಿದಳು. ಅಲ್ಲಿ ಅರ್ಧಕ್ಕೆ ಜಾಗವೇ ಇರಲಿಲ್ಲ.

“ಈ ಚಳೀಲಿ ಜ್ವರ ಒಂದ್ ದಿನಕ್ಕೆ ಬಿಟ್ಟೇ ಬಿಡ್ತದೆ ಅಂತ ಇಲ್ಲ,” ಎಂದರು ಮಹದೇವಪ್ಪ, ಗದರದೆ, ಬೇಸಾಯದ ಮಾತಾಡುವ ಹಾಗೆ. “ಒಂದೂಕಾಲು ದಿನ ಆಯ್ತದೆ, ಒಂದೂವರೆನೂ ಆಯ್ತದೆ. ನೂರಕ್ಕೆ ತೊಂಬತ್ತೈದು ಎದ್ದ ಮ್ಯಾಲೆ ಸೊಪ್ಪು ಹಾಕ್ಬೇಕು. ಮುಂಚೆ ಹಾಕುದ್ರೆ ಎದ್ದವು ತಿಂದ್ಕಂಡ್ ಮುಂದಕ್ ಓಯ್ತವೆ, ಮಲಗಿರವು ಸೊಪ್ಪಿನ ಅಡೀಲಿ ಉಳ್ಕತವೆ. ಒಂದ್ ಹುಳ ದಪ್ಪ, ಒಂದ್ ಹುಳ ಸಣ್ಣ. ಕಡೇಲಿ ಗೂಡು ಕಟ್ಟಕ್ಕೆ ಹಣ್ಣಾಗದು ಒಟ್ಟಿಗೆ ಆಗಾಕಿಲ್ಲ, ಬೆಳೆ ಕೆಡ್ತದೆ. ಇವತ್ತು ಅದು ಮುಚ್ಕಂಡಿದ್ದೇ ಒಳ್ಳೇದಾಯ್ತು ಕಣವ್ವ. ಮುಚ್ಕಳ್ದೆ ಧೈರ್ಯವಾಗಿ ‘ಹಾಕಿ’ ಅಂದಿದ್ರೆ ನಮ್ಮೋರು ಹಾಕ್ಬುಡೋರು.”

ಆ್ಯಪ್ ಕುಸಿದಾಗ ರೂಪಳ ಕಿವಿಯಷ್ಟೇ ಬಿಸಿಯಾಗಿತ್ತು. ಈಗ ಎದೆಗೇ ತಾಗಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ ಗಡಿಯಾರ ನೋಡಿಕೊಂಡು ಹೇಳುವ ಆ್ಯಪ್ ಮಾಡಿದ್ದಳು. ಹುಳದ ಮನೆಯಲ್ಲೇ ಹುಟ್ಟಿ ಬೆಳೆದವಳು ಹುಳವನ್ನೇ ಮರೆತು ಬರೆದಿದ್ದಳು.

“ಹಂಗಾದ್ರೆ ಬೇಡ ಅಂತೀರಾ ಸರ್?”

“ಈಗ ಬ್ಯಾಡ,” ಎಂದರು ಮಹದೇವಪ್ಪ. “ಒಂದು ಬೆಳೆ ಪೂರಾ ನಿಮ್ಮವ್ವನ ತಾವೇ ನಡೀಲಿ. ಎಲ್ಡು ಜ್ವರನೂ ದಾಟ್ಲಿ. ಆಮ್ಯಾಕೆ ನಿಮ್ಮವ್ವನ್ನೇ ಬಂಡಳ್ಳಿಗೆ ಕರ್ಕಂಡು ಬಾ. ಆ್ಯಪ್ ಎಂಗದೆ ಅಂತ ನಿನ್ನ ಕೇಳಲ್ಲ ನಾನು, ಅವ್ರನ್ನ ಕೇಳ್ತೀನಿ. ಅವ್ರು ಚೆನ್ನಾಗದೆ ಅಂದ್ರೆ ನಲವತ್ತು ಮನೆ ನಿಂದೇ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಟ್ಟೆಯನ್ನಂತೂ ಅವರು ಎತ್ತಿಕೊಂಡು ಹೋಗಲಿಲ್ಲ ಎನ್ನುವುದು ಸಮಾಧಾನ. ಪ್ರಭುಸ್ವಾಮಿ ಸರ್ ಹೋಗುವಾಗ ಬಾಗಿಲ ಹತ್ತಿರ ನಿಂತು, “ಅಂಕ ಕೊಟ್ಟಿದ್ದೀನಿ, ಚೆನ್ನಾಗೇ ಕೊಟ್ಟಿದ್ದೀನಿ,” ಎಂದರು. ಯಾಕೆಂದು ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ಮುರುಗೇಶ ಮತ್ತು ರೂಪ ಲ್ಯಾಬಿನಲ್ಲೇ ಉಳಿದರು. “ಹುಚ್ಚಿ ಕಣೆ ನೀನು, ಸುಮ್ನೆ ಕೂತಿದ್ರೆ ಆಗೋದು,” ಎಂದು ಬೈಯುತ್ತಲೇ ಅವನು ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಸೊನ್ನೆಗೆ ಕಾವಲು ಹಾಕಲು ಎರಡು ನಿಮಿಷ ಸಾಕಾಯಿತು. ಕಷ್ಟವಿದ್ದದ್ದು ಉಳಿದದ್ದರಲ್ಲಿ. ಇದುವರೆಗೆ ಆ್ಯಪ್ ಬರೀ ತಾರೀಕಿನಿಂದ ದಿನ ಎಣಿಸುತ್ತಿತ್ತು. ಈಗ ಬೆಳೆಯನ್ನು ತುಂಡು ತುಂಡು ಮಾಡಿದರು. ಮೂರನೇ ಜ್ವರದ ತನಕ ಒಂದು ತುಂಡು, ನಾಲ್ಕನೆಯದರ ತನಕ ಇನ್ನೊಂದು, ಗೂಡಿನ ತನಕ ಮತ್ತೊಂದು. ಒಂದು ತುಂಡು ಮುಗಿದರೆ ಆ್ಯಪ್ ತಾನಾಗಿ ಮುಂದಕ್ಕೆ ಹೋಗುವಂತಿಲ್ಲ. ಅಲ್ಲೇ ನಿಂತು ‘ಹುಳ ಎದ್ದವಾ?’ ಎಂದು ಕೇಳಬೇಕು. ಕೆಳಗೆ ಎರಡು ಗುಂಡಿ, ಹೌದು ಮತ್ತು ಇಲ್ಲ. ಹೌದು ಎಂದರೆ ಆ ಹೊತ್ತಿನಿಂದ ಹೊಸ ತುಂಡಿನ ಮೊದಲ ದಿನ. ಇಲ್ಲ ಎಂದರೆ ಮೂರು ಗಂಟೆ ಬಿಟ್ಟು ಮತ್ತೆ ಕೇಳುವುದು.

ಈ ಸಲ ಫೋನಿನ ತಾರೀಕನ್ನೇ ಒಂದೊಂದು ದಿನ ಮುಂದೆ ಹಾಕುತ್ತಾ, ಚಾಕಿಯಿಂದ ಗೂಡಿನ ತನಕ ಒಂದು ದಿನವನ್ನೂ ಬಿಡದೆ ತೆರೆದು ನೋಡಿದರು. ಎಲ್ಲೂ ಮುಚ್ಚಿಕೊಳ್ಳಲಿಲ್ಲ. ಅಷ್ಟರಲ್ಲಿ ರೂಪ ಹತ್ತಬೇಕಾದ ಯಳಂದೂರು ಬಸ್ಸಿನ ಹೊತ್ತಾಯಿತೆಂದು ಮುರುಗೇಶನ ಆ್ಯಪ್ ಕೂಗಿತು.

ಮನೆಗೆ ಬಂದು ಅವ್ವನ ಫೋನಿಗೆ ಹೊಸದನ್ನು ಹಾಕಿಕೊಟ್ಟಳು. ಇದು ಇನ್ನು ಮುಚ್ಚಿಕೊಳ್ಳುವುದಿಲ್ಲ, ಮುಚ್ಚಿಕೊಳ್ಳುತ್ತಿದ್ದದ್ದು ನನ್ನ ತಪ್ಪು ಎಂದಾಗ ಚೆಲುವಮ್ಮ ನಂಬಲಿಲ್ಲ. “ಚೆಂದಾಗೇ ಇತ್ತಲ್ಲವ್ವ,” ಎಂದಳು.

“ಹೋದ್ ಬೆಳೇಲಿ ಜ್ವರ ಆದ ಮಾರ್ನೆ ದಿನ ಅದು ಸೊಪ್ಪು ಹಾಕು ಅಂದಾಗ ಏನ್ ಮಾಡ್ದೆ ನೀನು?”

“ಅಂತಿತ್ತು. ಬಾರಿಸ್ಕಳ್ಳಿ ಅಂತ ಬಿಟ್ಟೆ. ಹುಳ ನೋಡ್ಕಂಡ್ ಮಧ್ಯಾನ್ನ ಹಾಕುದೆ.”

“ಯಾಕವ್ವ ನನಗೆ ಹೇಳ್ಲಿಲ್ಲ?”

“ಅಯ್ಯೋ, ಮಕ್ಕಳು ಅಂದಿದ್ಕೆಲ್ಲಾ ಎದುರಾಡಕ್ಕಾಯ್ತದಾ?”

ಬೆಳಿಗ್ಗೆ ಆರಕ್ಕೆ ಫೋನು ಗಂಟೆ ಬಾರಿಸಿತು. ಇಬ್ಬರೂ ಕಾಲು ತೊಳೆದುಕೊಂಡು ಹುಳದ ಮನೆಗೆ ಹೋದರು. ಚಳಿಗೆ ಬಾಗಿಲ ಕಬ್ಬಿಣ ತಣ್ಣಗಿತ್ತು. ತಟ್ಟೆಗಳ ಮೇಲೆ ಸುಣ್ಣದ ಪುಡಿ ತೆಳ್ಳಗೆ ಬಿದ್ದಿತ್ತು, ನಡುವೆ ಹುಳ ಒಂದೂ ಅಲ್ಲಾಡದಂತೆ ಕಂಡಿತು. ಚೆಲುವಮ್ಮ ಮಗಳನ್ನು ಹತ್ತಿರ ಕರೆದು ಬೆರಳು ಮಾಡಿ ತೋರಿಸಿದಳು. ತಲೆ ದಪ್ಪಗಾಗಿ, ಮೈ ಚರ್ಮ ಸಡಿಲವಾಗಿ ಸುಕ್ಕುಗಟ್ಟಿದ್ದು ಎದ್ದ ಹುಳ. ಮೈ ಬಿಗಿದುಕೊಂಡು ಹೊಳೆಯುತ್ತಾ, ಸಣ್ಣ ತಲೆ ಎತ್ತಿಕೊಂಡೇ ಇರುವುದು ಇನ್ನೂ ಜ್ವರದಲ್ಲಿರುವುದು. ರೂಪ ಬಗ್ಗಿ ಒಂದೊಂದಾಗಿ ನೋಡಿದಳು. ಹತ್ತಕ್ಕೆ ಆರು ಎದ್ದಿರಬಹುದು. ಇಷ್ಟು ವರ್ಷ ಈ ಮನೆಯಲ್ಲಿ ಓಡಾಡಿದ್ದರೂ ಅವಳು ಹೀಗೆ ನೋಡಿರಲಿಲ್ಲ.

“ಅವ್ವಾ, ಫೋನು ಏನೋ ಕೇಳ್ತಾ ಅದೆ ನೋಡು.”

ಚೆಲುವಮ್ಮ ಫೋನನ್ನು ದೂರ ಹಿಡಿದು ಅಕ್ಷರ ಕೂಡಿಸಿ ಓದಿದಳು. “ಹುಳ... ಎದ್ದವಾ?” ಇನ್ನೊಂದು ಸಲ ಓದಿದಳು. ಹೆಬ್ಬೆರಳು ಗುಂಡಿಯ ಮೇಲೆ ಬಂದು ನಿಂತಿತು. “ಇಲ್ಲ ಅನ್ಬೋದಾ?”

“ಇಲ್ದಿದ್ರೆ ಇಲ್ಲ ಅನ್ನವ್ವ.”

ಒತ್ತಿದಳು. ‘ಸರಿ. ಇನ್ನು ಮೂರು ಗಂಟೆ ಬಿಟ್ಟು ಕೇಳುತ್ತೇನೆ’ ಎಂದು ಬಂತು. ಚೆಲುವಮ್ಮ ಅದನ್ನೇ ನೋಡುತ್ತಾ ನಿಂತಳು. ಫೋನಿನ ಬೆಳಕು ಆರಿದ ಮೇಲೂ ಅಲ್ಲೇ ಇದ್ದಳು.

“ಇಪ್ಪತ್ತೆರಡು ವರ್ಷದಿಂದ ಹುಳ ಸಾಕ್ತಾ ಇವ್ನಿ,” ಎಂದಳು. “ನಿಮ್ಮಪ್ಪ ಸೊಪ್ಪು ಹಾಕು ಅಂದ್ರು. ಕೇಂದ್ರದೋರು ಬಂದು ಇಂಗ್ ಹಾಕು, ಅಂಗ್ ಹಾಕು ಅಂದ್ರು. ನಿನ್ನ ಆ್ಯಪ್ಪೂ ಓದ್ ಬೆಳೇಲಿ ಹಾಕು ಅಂತ್ಲೇ ಬಾರಿಸ್ತು. ಎದ್ದವಾ ಚೆಲುವಮ್ಮಾ ಅಂತ ಇದುವರ್ಗೂ ಯಾರೂ ನನ್ನ ಕೇಳಿರ್ಲಿಲ್ಲ ಕಣವ್ವ.”

ರೂಪಳಿಗೆ ನಿನ್ನೆ ಐವತ್ತು ಜನ ನಕ್ಕಾಗ ಬಾರದ ಕಣ್ಣೀರು ಈಗ ಬಂತು. ಅವ್ವನಿಗೆ ಕಾಣದಿರಲಿ ಎಂದು ತಟ್ಟೆಯ ಮೇಲೆ ಬಗ್ಗಿ ಹುಳ ನೋಡುವವಳ ಹಾಗೆ ನಿಂತಳು.

“ಒಂಬತ್ತಕ್ಕೆ ಮತ್ತೆ ಕೇಳ್ತದಾ?” ಎಂದು ಚೆಲುವಮ್ಮ ಬಾಗಿಲು ಎಳೆದುಕೊಳ್ಳುತ್ತಾ ಕೇಳಿದಳು. ಕೇಳುತ್ತದೆ ಎಂದಳು ರೂಪ. ಚೆಲುವಮ್ಮ ಫೋನನ್ನು ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇವತ್ತು ಸಂತೆಗೆ ಹೋಗುವುದಿಲ್ಲ, ಒಂಬತ್ತಕ್ಕೆ ಮನೆಯಲ್ಲೇ ಇರುತ್ತೇನೆ ಎಂದಳು.